ಹಳೆಯ ಫೋನನ್ನು ಎಲ್ಲಿ ಕೊಟ್ಟರೆ ಲಾಭ? ಗಾಜಿನ ಮೇಲಿನ ಒಂದು ಗೆರೆಯ ಲೆಕ್ಕ

ಕಳೆದ ವರ್ಷ ಆಯುಧಪೂಜೆಗೆ ಇನ್ನೊಂದು ವಾರ ಇರುವಾಗ ಗುಬ್ಬಿಯಿಂದ ನನ್ನ ಅತ್ತಿಗೆ ಕರೆ ಮಾಡಿದರು. ಮೂರು ವರ್ಷ ಬಳಸಿದ ಫೋನ್ ನಿಧಾನವಾಗಿದೆ, ಹೊಸದು ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಹಳೆಯದಕ್ಕೆ 7,700 ರೂಪಾಯಿ ತೋರಿಸುತ್ತಿದೆ, ತುಮಕೂರಿನ ಎಂ.ಜಿ. ರಸ್ತೆಯ ಶೋರೂಂನವರು 8,500 ಎನ್ನುತ್ತಾರೆ, ಬಸ್ ನಿಲ್ದಾಣದ ಹತ್ತಿರದ ಸೆಕೆಂಡ್ ಹ್ಯಾಂಡ್ ಅಂಗಡಿಯವನು 6,500 ಮಾತ್ರ ಕೊಡುತ್ತೇನೆ ಎನ್ನುತ್ತಾನೆ. "ಶೋರೂಂಗೇ ಕೊಟ್ಟುಬಿಡಲೇ?" ಎಂದು ಕೇಳಿದರು. ನಾನು ನಾಲ್ಕು ವರ್ಷ ಇಂಥದ್ದೇ ಒಂದು ಅಂಗಡಿಯಲ್ಲಿ ಹಳೆಯ ಫೋನ್‌ಗಳನ್ನು ಪರೀಕ್ಷಿಸಿ ಬೆಲೆ ಹೇಳುವ ಕೆಲಸ ಮಾಡಿದವನು. ಹಾಗಾಗಿ ಉತ್ತರ ಕೊಡುವ ಮೊದಲು ಒಂದೇ ಮಾತು ಹೇಳಿದೆ: "ಅತ್ತಿಗೆ, ಸ್ಕ್ರೀನ್ ಗಾರ್ಡ್ ತೆಗೆದು, ಫೋನ್ ಆಫ್ ಮಾಡಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗಾಜನ್ನು ನೋಡಿ."

ಅವರು ನೋಡಿದರು. ಕೆಳಗಿನ ಎಡ ಮೂಲೆಯಿಂದ ಸುಮಾರು ಎರಡು ಸೆಂಟಿಮೀಟರ್ ಉದ್ದದ ಕೂದಲೆಳೆಯಂಥ ಬಿರುಕು. ಗಾರ್ಡ್ ಇದ್ದುದರಿಂದ ಅದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಆ ಒಂದು ಗೆರೆಯಿಂದ ಮೂರೂ ಬೆಲೆಗಳು ಬದಲಾದವು. ಅದಕ್ಕಿಂತ ಮುಖ್ಯವಾಗಿ, ಯಾವ ದಾರಿ ಲಾಭದ್ದು ಎಂಬ ಉತ್ತರವೇ ತಲೆಕೆಳಗಾಯಿತು. ಹಬ್ಬದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಏಳುವುದರಿಂದ ಅತ್ತಿಗೆಯವರ ಫೋನನ್ನೇ ಮುಂದಿಟ್ಟುಕೊಂಡು ಬಿಡಿಸಿ ಹೇಳುತ್ತೇನೆ. ಇಲ್ಲಿರುವ ಮೊತ್ತಗಳು ಆ ಒಂದು ಫೋನಿನವು. ನಿಮ್ಮ ಫೋನಿಗೆ ಬೇರೆಯೇ ಇರುತ್ತವೆ. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ.

ಮೊದಲು, ಎಕ್ಸ್‌ಚೇಂಜ್ ಬೆಲೆಯ ನಿಜವಾದ ಮೊತ್ತ

ಅತ್ತಿಗೆ ಕೊಳ್ಳಬೇಕೆಂದಿದ್ದ ಹೊಸ ಫೋನ್ ಆನ್‌ಲೈನ್‌ನಲ್ಲಿ 21,999 ರೂಪಾಯಿಗೆ ಇತ್ತು. ಹಳೆಯ ಫೋನಿಗೆ ಅವರು ಕಟ್ಟಿದ ಮೂಲ ಬೆಲೆ 6,200, ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ 1,500, ಒಟ್ಟು 7,700. ಅಂದರೆ ಕೈಯಿಂದ 14,299 ಕೊಡಬೇಕು. ಶೋರೂಂನಲ್ಲಿ ಅದೇ ಫೋನಿನ ಬೆಲೆ 22,999, ಹಳೆಯದಕ್ಕೆ 8,500, ಕೈಯಿಂದ 14,499. ಹಳೆಯ ಫೋನಿಗೆ ಎಂಟುನೂರು ಹೆಚ್ಚು ಕೊಟ್ಟಂತೆ ಕಂಡರೂ ಕೊನೆಗೆ ಇನ್ನೂರು ರೂಪಾಯಿ ಹೆಚ್ಚೇ ಖರ್ಚಾಗುತ್ತಿತ್ತು.

ಆಗ ನಾನು ಶೋರೂಂಗೆ ಹೋಗಿ ಬೇರೆ ಪ್ರಶ್ನೆ ಕೇಳಿದೆ: "ಎಕ್ಸ್‌ಚೇಂಜ್ ಬೇಡ, ಪೂರ್ತಿ ಹಣ ಕೊಟ್ಟು ಒಯ್ದರೆ ಎಷ್ಟಕ್ಕೆ ಕೊಡುತ್ತೀರಿ?" ಸ್ವಲ್ಪ ಮಾತುಕತೆಯ ನಂತರ 21,500 ಎಂದರು. ಈ ಮೊತ್ತ ಕೈಯಲ್ಲಿದ್ದರೆ ಉಳಿದದ್ದು ಸುಲಭ. ಎಕ್ಸ್‌ಚೇಂಜ್ ಇಲ್ಲದೆ ಅದೇ ಹೊಸ ಫೋನ್ ನಿಮಗೆ ಸಿಗುವ ಅತಿ ಕಡಿಮೆ ಬೆಲೆಯಿಂದ, ಎಕ್ಸ್‌ಚೇಂಜ್ ಮಾಡಿದಾಗ ಕೈಯಿಂದ ಕೊಡುವ ಹಣವನ್ನು ಕಳೆಯಿರಿ. ಉಳಿದ ಮೊತ್ತವೇ ನಿಮ್ಮ ಹಳೆಯ ಫೋನಿಗೆ ನಿಜವಾಗಿ ಸಿಗುತ್ತಿರುವ ಬೆಲೆ. ಆನ್‌ಲೈನ್‌ನಲ್ಲಿ ಅದು 7,201, ಶೋರೂಂನಲ್ಲಿ 7,001. ಸೆಕೆಂಡ್ ಹ್ಯಾಂಡ್ ಅಂಗಡಿಯವನು ಕೈಗೆ ಕೊಡುವ 6,500ರಲ್ಲಿ ಕಳೆಯುವುದು ಏನೂ ಇಲ್ಲ, ಅದು 6,500ವೇ. 8,500, 7,700, 6,500 ಎಂದು ದೂರದೂರ ಕಾಣುತ್ತಿದ್ದ ಮೂರು ಬೆಲೆಗಳು ಈಗ ಎಷ್ಟು ಹತ್ತಿರ ಬಂದವು ನೋಡಿ.

ಎಕ್ಸ್‌ಚೇಂಜ್ ಇಲ್ಲದ ಬೆಲೆಯನ್ನೇ ನಿಜವಾದ ಬೆಲೆ ಎಂದು ನೋಡುವುದು ನನ್ನ ಸ್ವಂತ ಉಪಾಯವಲ್ಲ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳಲ್ಲಿ 27ನೆಯ ನಿಯಮಕ್ಕೆ ಕೊಟ್ಟಿರುವ ಉದಾಹರಣೆಯೇ ಇದು: ಹಳೆಯ ಫೋನ್ ಪಡೆದು ಹೊಸ ಫೋನನ್ನು 20,000ಕ್ಕೆ ಕೊಟ್ಟರೂ, ಎಕ್ಸ್‌ಚೇಂಜ್ ಇಲ್ಲದೆ ಅದರ ಬೆಲೆ 24,000 ಆಗಿದ್ದರೆ, ಹೊಸ ಫೋನಿನ ಮೌಲ್ಯ 24,000 ಎಂದೇ ಲೆಕ್ಕ. ತೆರಿಗೆ ಬೀಳುವುದು ಅದರ ಮೇಲೆ. ಹೀಗಾಗಿ ಬಿಲ್ಲಿನಲ್ಲಿ ಹೊಸ ಫೋನಿನ ಪೂರ್ಣ ಬೆಲೆ ಬೇರೆ, ಹಳೆಯದಕ್ಕೆ ಕಳೆದದ್ದು ಬೇರೆ ಎಂದು ನಮೂದಾಗಿರಬೇಕು. ಮುಂದೆ ಫೋನ್ ಕಳುವಾಗಿ ವಿಮೆ ಕೇಳಬೇಕಾಗಿ ಬಂದಾಗ ಪೂರ್ಣ ಬೆಲೆಯ ಬಿಲ್ ಇಲ್ಲದಿದ್ದರೆ ತೊಂದರೆ ಅನುಭವಿಸುವವರು ನೀವು.

ಬ್ಯಾಂಕ್ ಕಾರ್ಡಿನ ರಿಯಾಯಿತಿಯ ಬಗ್ಗೆಯೂ ಒಂದು ಮಾತು. ಎಷ್ಟೋ ಕೊಡುಗೆಗಳಲ್ಲಿ ಕಾರ್ಡಿನ ರಿಯಾಯಿತಿ ಮತ್ತು ಎಕ್ಸ್‌ಚೇಂಜ್ ಬೋನಸ್ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ನಿಮ್ಮಲ್ಲಿ ಆ ಕಾರ್ಡ್ ಇದ್ದರೆ, ಎಕ್ಸ್‌ಚೇಂಜ್ ಇಲ್ಲದ ಬೆಲೆಯನ್ನು ಕಾರ್ಡಿನ ರಿಯಾಯಿತಿ ಕಳೆದೇ ಹಿಡಿಯಿರಿ. ಅತ್ತಿಗೆಯವರ ಬಳಿ ಕಾರ್ಡ್ ಇರಲಿಲ್ಲ, ಹಾಗಾಗಿ ಲೆಕ್ಕ ನೇರವಾಯಿತು. "ಹಳೆಯ ಫೋನಿಗೆ 20,000ದವರೆಗೆ" ಎಂಬ ಜಾಹೀರಾತಿನಲ್ಲಿ ಆ ಗರಿಷ್ಠ ಮೊತ್ತ ಅತಿ ದುಬಾರಿ ಮಾಡೆಲ್‌ಗಳಿಗೆ, ಅದೂ ಒಂದು ಕಲೆಯೂ ಇಲ್ಲದ ಸ್ಥಿತಿಯಲ್ಲಿದ್ದರೆ ಮಾತ್ರ. ನಿಮ್ಮ ಮಾಡೆಲ್ ಹಾಕಿ ನೋಡುವವರೆಗೆ ಆ ಮಾತಿಗೆ ಅರ್ಥವಿಲ್ಲ.

ಗ್ರೇಡ್ ಎರಡು ಸಲ ನಿಗದಿಯಾಗುತ್ತದೆ

ಹಳೆಯ ಫೋನ್ ಎಂಥ ಸ್ಥಿತಿಯಲ್ಲಿದೆ ಎಂದು ಹೇಳುವ ದರ್ಜೆಯೇ ಗ್ರೇಡ್. ಮೊದಲ ಸಲ ಅದನ್ನು ನಿಗದಿ ಮಾಡುವವರು ನೀವೇ. ಪರದೆಯ ಮೇಲೆ ಪ್ರಶ್ನೆಗಳು ಬರುತ್ತವೆ: ಫೋನ್ ಆನ್ ಆಗುತ್ತದೆಯೇ, ಗಾಜು ಒಡೆದಿದೆಯೇ, ಡಿಸ್‌ಪ್ಲೇಯಲ್ಲಿ ಗೆರೆ ಅಥವಾ ಕಲೆ ಇದೆಯೇ, ಬಾಡಿ ತಗ್ಗಿದೆಯೇ, ಕ್ಯಾಮೆರಾ, ಸ್ಪೀಕರ್, ಚಾರ್ಜಿಂಗ್ ಸರಿ ಇವೆಯೇ, ಬಾಕ್ಸ್ ಮತ್ತು ಬಿಲ್ ಇವೆಯೇ. ನೀವು ಒತ್ತಿದ ಉತ್ತರಕ್ಕೆ ತಕ್ಕಂತೆ ಬೆಲೆ ತೋರುತ್ತದೆ. ಎರಡನೆಯ ಸಲ ಗ್ರೇಡ್ ನಿಗದಿಯಾಗುವುದು ಮನೆ ಬಾಗಿಲಲ್ಲಿ, ಹೊಸ ಫೋನ್ ತಂದ ಹುಡುಗ ಹಳೆಯದನ್ನು ಕೈಗೆ ತೆಗೆದುಕೊಂಡಾಗ. ಎರಡೂ ಹೊಂದದಿದ್ದರೆ ಒಂದೋ ಬೆಲೆ ಇಳಿಸುತ್ತಾರೆ, ಇಲ್ಲವೇ ಎಕ್ಸ್‌ಚೇಂಜ್ ತಿರಸ್ಕರಿಸಿ ಪೂರ್ತಿ ಹಣ ಕೇಳುತ್ತಾರೆ. ಹೊಸ ಫೋನಿನ ಬಾಕ್ಸ್ ಕಣ್ಣೆದುರು ಇರುವಾಗ, ಮನೆಯವರೆಲ್ಲ ಕಾದು ನಿಂತಿರುವಾಗ, ಹೆಚ್ಚಿನವರು ಹೇಳಿದ ಬೆಲೆಗೆ ಒಪ್ಪಿಬಿಡುತ್ತಾರೆ. ನಾನು ಕೌಂಟರಿನ ಆ ಕಡೆ ನಿಂತು ಅಂಥ ಒಪ್ಪಿಗೆಗಳನ್ನು ಬಹಳ ನೋಡಿದ್ದೇನೆ. ಜನರಿಗೆ ನಷ್ಟವಾಗುತ್ತಿದ್ದುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಆ ಹುಡುಗ ಮಾಡುವ ಪರೀಕ್ಷೆಯನ್ನು ಹಿಂದಿನ ದಿನ ನೀವೇ ಮಾಡಿಕೊಳ್ಳಿ.

ಗಾಜಿನಿಂದ ಶುರುಮಾಡಿ. ಗಾರ್ಡ್ ತೆಗೆದು, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಫೋನ್ ಆಫ್ ಮಾಡಿ, ಟಾರ್ಚಿನ ಬೆಳಕನ್ನು ಬದಿಯಿಂದ ಬಿಡಿ. ಗೆರೆ ಕಂಡರೆ ಅದರ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಜಾರಿಹೋದರೆ ಅದು ಸಣ್ಣ ಗೀರು, ಬೆಲೆ ಹೆಚ್ಚು ಇಳಿಯುವುದಿಲ್ಲ. ಉಗುರು ತಡೆದರೆ ಆಳವಾದ ಗೀರು ಅಥವಾ ಬಿರುಕು. ಎಷ್ಟೋ ಸಲ ಭಯಪಟ್ಟ ಗೀರುಗಳೆಲ್ಲ ಗಾರ್ಡಿನ ಮೇಲೇ ಇರುತ್ತವೆ, ತೆಗೆದಾಗ ಗಾಜು ಹೊಸದರಂತೆ ಕಾಣುತ್ತದೆ. ಅತ್ತಿಗೆಯವರಿಗೆ ಆದಂತೆ ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ.

ನಂತರ ಫೋನ್ ಆನ್ ಮಾಡಿ, ಬೆಳಕನ್ನು ಪೂರ್ತಿ ಏರಿಸಿ, ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು ಬಣ್ಣ ತುಂಬಿದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿ. ಸ್ಯಾಮ್‌ಸಂಗ್‌ನ ಬಹಳಷ್ಟು ಮಾಡೆಲ್‌ಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ `*#0*#` ಒತ್ತಿದರೆ ಈ ಬಣ್ಣಗಳ ಪರೀಕ್ಷೆಯೇ ತೆರೆಯುತ್ತದೆ. ಬಿಳಿಯ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆ, ಮೇಲಿನಿಂದ ಕೆಳಗೆ ಎಳೆದಂಥ ಹಸಿರು ಗೆರೆ, ಬೂದು ಬಣ್ಣದ ಮೇಲೆ ಕೀಲಿಮಣೆಯ ನೆರಳು ಉಳಿದುಕೊಂಡಿರುವುದು, ಇವೆಲ್ಲವೂ ಗ್ರೇಡನ್ನು ಕೆಳಗೆ ತಳ್ಳುತ್ತವೆ. ಬಿರುಕು ಬಿಟ್ಟ ಗಾಜಿಗಿಂತಲೂ ಕೆಳಗೆ. ಇದು ಎಷ್ಟೋ ಜನರಿಗೆ ಅನ್ಯಾಯವೆಂದು ತೋರುತ್ತದೆ. "ಗಾಜು ಒಡೆದಿಲ್ಲ ಸ್ವಾಮಿ, ಮೂಲೆಯಲ್ಲಿ ಒಂದು ಚುಕ್ಕೆ ಅಷ್ಟೇ" ಎನ್ನುತ್ತಿದ್ದರು. ಆ ಚುಕ್ಕೆ ಏಕೆ ಅಷ್ಟು ದುಬಾರಿ ಎಂಬುದು ಅರ್ಥವಾದರೆ ಗ್ರೇಡುಗಳ ಲೆಕ್ಕವೆಲ್ಲ ಅರ್ಥವಾದಂತೆ.

ಬಿರುಕಿಗೆ ಒಂದು ಬೆಲೆ, ಚುಕ್ಕೆಗೆ ಇನ್ನೊಂದು

ನಿಮ್ಮ ಹಳೆಯ ಫೋನ್ ಕೊಂಡವರು ಅದನ್ನು ಸರಿಪಡಿಸಿ ಇನ್ನೊಬ್ಬರಿಗೆ ಮಾರುತ್ತಾರೆ, ಇಲ್ಲವೇ ಸಗಟಾಗಿ ಬೇರೆ ವ್ಯಾಪಾರಿಗಳಿಗೆ ದಾಟಿಸುತ್ತಾರೆ. ಅವರ ಲೆಕ್ಕ ಕೊನೆಯಿಂದ ಹಿಂದಕ್ಕೆ ಹೋಗುತ್ತದೆ: ಸರಿಪಡಿಸಿದ ಮೇಲೆ ಎಷ್ಟಕ್ಕೆ ಮಾರಬಹುದು, ಅದರಲ್ಲಿ ಬಿಡಿಭಾಗ ಮತ್ತು ಕೂಲಿ ಎಷ್ಟು, ಸಾಗಾಟ ಎಷ್ಟು, ಮಾರಿದ ಮೇಲೆ ಕೆಟ್ಟರೆ ತುಂಬಿಕೊಡಬೇಕಾದ ಅಪಾಯ ಎಷ್ಟು, ತನಗೆ ಉಳಿಯಬೇಕಾದದ್ದು ಎಷ್ಟು. ಇದೆಲ್ಲ ಕಳೆದು ಉಳಿದದ್ದು ನಿಮಗೆ ಹೇಳುವ ಬೆಲೆ. ಹೀಗಾಗಿ ಗ್ರೇಡ್ ಎಂದರೆ ನಿಮ್ಮ ಫೋನಿನ ಅಂದಚಂದಕ್ಕೆ ಕೊಟ್ಟ ಅಂಕವಲ್ಲ; ಅದನ್ನು ಮತ್ತೆ ಮಾರುವ ಸ್ಥಿತಿಗೆ ತರಲು ತಗಲುವ ಖರ್ಚಿನ ಅಂದಾಜು.

ಅತ್ತಿಗೆಯವರದು ಅಮೋಲೆಡ್ ಪರದೆಯ ಫೋನ್. ಇಂಥ ಫೋನ್‌ಗಳಲ್ಲಿ ಮೇಲಿನ ಗಾಜು ಮತ್ತು ಅದರ ಕೆಳಗೆ ಬೆಳಕು ಕೊಡುವ ಪ್ಯಾನೆಲ್ ಎರಡನ್ನೂ ಪಾರದರ್ಶಕ ಅಂಟಿನಿಂದ ಬೆಸೆದಿರುತ್ತಾರೆ. ಗಾಜು ಮಾತ್ರ ಬಿರುಕು ಬಿಟ್ಟಿದ್ದರೆ ಪ್ಯಾನೆಲ್ ಇನ್ನೂ ಚೆನ್ನಾಗಿರುತ್ತದೆ. ಬಿಸಿ ಅಥವಾ ಅತಿಶೀತದ ಯಂತ್ರದ ಮೇಲಿಟ್ಟು ಗಾಜನ್ನು ಬೇರ್ಪಡಿಸಿ, ಅಂಟು ತೊಳೆದು, ಹೊಸ ಗಾಜು ಕೂರಿಸಬಹುದು. ಆದರೆ ಬೇರ್ಪಡಿಸುವಾಗ ಕೈ ಸ್ವಲ್ಪ ತಪ್ಪಿದರೂ ಪ್ಯಾನೆಲ್ ಹೋಗುತ್ತದೆ. ದೊಡ್ಡ ಕಂಪನಿಗಳು ಪ್ರತಿ ಫೋನಿನ ಮೇಲೆ ಆ ಸಾಹಸಕ್ಕೆ ಲೆಕ್ಕ ಹಾಕಲಾರವು. ಬಿರುಕು ಎಂದ ಕೂಡಲೇ ಪೂರ್ತಿ ಡಿಸ್‌ಪ್ಲೇ ಬದಲಾಯಿಸುವ ಖರ್ಚಿನ ಬಹುಪಾಲನ್ನು ಕಳೆದುಬಿಡುತ್ತವೆ. ಗಾಜು ಬದಲಾಯಿಸುವ ಯಂತ್ರ ತಾನೇ ಇಟ್ಟುಕೊಂಡಿರುವ, ಅಥವಾ ಪಕ್ಕದ ಓಣಿಯಲ್ಲಿ ಆ ಕೆಲಸ ಮಾಡುವವನನ್ನು ಬಲ್ಲ ಸ್ಥಳೀಯ ವ್ಯಾಪಾರಿ ಗಾಜಿನ ಖರ್ಚನ್ನಷ್ಟೇ ಕಳೆಯುತ್ತಾನೆ.

ಚುಕ್ಕೆ ಅಥವಾ ಹಸಿರು ಗೆರೆ ಬಂದರೆ ಕೆಟ್ಟಿರುವುದು ಪ್ಯಾನೆಲ್ಲೇ. ಆಗ ಗಾಜಿನ ಯಂತ್ರದಿಂದ ಏನೂ ಆಗದು, ಪೂರ್ತಿ ಡಿಸ್‌ಪ್ಲೇ ಹೊಸದು ಹಾಕಬೇಕು. ಹಳೆಯ ಫೋನ್‌ಗಳಲ್ಲಿ ಆ ಡಿಸ್‌ಪ್ಲೇಯ ಬೆಲೆ ಕೆಲವೊಮ್ಮೆ ಇಡೀ ಫೋನಿನ ಬೆಲೆಯ ಹತ್ತಿರ ಬರುತ್ತದೆ. ಹೀಗಾಗಿ ಸ್ಥಳೀಯ ವ್ಯಾಪಾರಿಯೂ ಆಗ ಹಿಂದೆ ಸರಿಯುತ್ತಾನೆ. ಇದರಿಂದ ತಿಳಿಯಬೇಕಾದ ಒಂದು ತುರ್ತು ವಿಷಯವಿದೆ. ಬಿರುಕಿನೊಳಗೆ ತೇವ ಇಳಿದರೆ, ಅಥವಾ ಅದೇ ಮೂಲೆಗೆ ಇನ್ನೊಂದು ಪೆಟ್ಟು ಬಿದ್ದರೆ, ಕೆಳಗಿನ ಪ್ಯಾನೆಲ್ ಕೆಡಬಹುದು. ಬಿರುಕು ಬಿಟ್ಟ, ಆದರೆ ಚುಕ್ಕೆ ಬೀಳದ ಫೋನನ್ನು ಮಾರಲೇಬೇಕೆಂದು ತೀರ್ಮಾನಿಸಿದ್ದರೆ ತಿಂಗಳುಗಟ್ಟಲೆ ಮುಂದೂಡಬೇಡಿ.

"ಕೊಡುವ ಮುಂಚೆ ನಾವೇ ಡಿಸ್‌ಪ್ಲೇ ಹಾಕಿಸಿಬಿಟ್ಟರೆ?" ಎಂದು ಅತ್ತಿಗೆಯೂ ಕೇಳಿದರು, ಕೌಂಟರಿನಲ್ಲಿ ಹತ್ತಾರು ಜನರೂ ಕೇಳುತ್ತಿದ್ದರು. ಬೇಡ. ಕಂಪನಿಯ ಮೂಲ ಡಿಸ್‌ಪ್ಲೇ ಹಾಕಿಸಿದರೆ ಖರ್ಚು ಮಾಡಿದಷ್ಟು ಬೆಲೆ ಏರುವುದಿಲ್ಲ. ಕಡಿಮೆ ಬೆಲೆಯ ನಕಲು ಹಾಕಿಸಿದರೆ ಪರೀಕ್ಷೆ ಮಾಡುವವನು ಅದನ್ನು ಒಂದೇ ನಿಮಿಷದಲ್ಲಿ ಗುರುತಿಸುತ್ತಾನೆ. ಅಮೋಲೆಡ್ ಜಾಗದಲ್ಲಿ ಎಲ್‌ಸಿಡಿ ನಕಲು ಕೂರಿಸಿದ್ದರೆ, ಪರದೆಯ ಒಳಗೇ ಬೆರಳಚ್ಚು ಓದುವ ಫೋನ್‌ಗಳಲ್ಲಿ ಆ ಸೌಲಭ್ಯ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಕತ್ತಲ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದರೆ ಅಸಲಿ ಅಮೋಲೆಡ್ ಆರಿಹೋದಂತೆ ಕಪ್ಪಾಗುತ್ತದೆ, ನಕಲಿ ಎಲ್‌ಸಿಡಿ ಬೂದಿಯಂತೆ ಮಸುಕಾಗಿ ಹೊಳೆಯುತ್ತಲೇ ಇರುತ್ತದೆ. ಹೊಸ ಐಫೋನ್‌ಗಳು ಇನ್ನೂ ನೇರ: ಅಸಲಿಯಲ್ಲದ ಡಿಸ್‌ಪ್ಲೇ ಅಥವಾ ಬ್ಯಾಟರಿ ಹಾಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರದ ಪುಟದಲ್ಲೇ `Unknown Part` ಎಂದು ಬರೆದು ತೋರಿಸುತ್ತವೆ. ನಕಲು ಡಿಸ್‌ಪ್ಲೇ ಇರುವ ಫೋನಿಗೆ ಬಿರುಕು ಬಿಟ್ಟ ಅಸಲಿಗಿಂತ ಕಡಿಮೆ ಬೆಲೆ ಹೇಳಿದ ಉದಾಹರಣೆಗಳು ನನ್ನ ಕೈಯಿಂದಲೇ ಆಗಿವೆ.

ಅತ್ತಿಗೆಯವರ ಫೋನಿಗೆ ಎರಡನೆಯ ಬಾರಿ ಕೇಳಿದ ಬೆಲೆ

ಬಿರುಕನ್ನು ಮುಚ್ಚಿಡದೆ ಮೂರೂ ಕಡೆ ಮತ್ತೆ ಕೇಳಿದೆವು. ಆನ್‌ಲೈನ್‌ನಲ್ಲಿ ಗಾಜಿನ ಪ್ರಶ್ನೆಗೆ ಉತ್ತರ ಬದಲಿಸಿದ ಕೂಡಲೇ ಮೂಲ ಬೆಲೆ 6,200ರಿಂದ 2,600ಕ್ಕೆ ಇಳಿಯಿತು. ಬೋನಸ್ 1,500 ಹಾಗೆಯೇ ಉಳಿಯಿತು. ಈಗ ಕೈಯಿಂದ 17,899, ಅಂದರೆ ಹಳೆಯ ಫೋನಿಗೆ ನಿಜವಾಗಿ ಸಿಗುವುದು 3,601. ಶೋರೂಂನವರು 8,500ರಿಂದ 5,500ಕ್ಕೆ ಬಂದರು. ನಿಜ ಬೆಲೆ 4,001. ಸೆಕೆಂಡ್ ಹ್ಯಾಂಡ್ ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿರುಕು ನೋಡಿದ, ಬಿಳಿ ಚಿತ್ರ ತೆರೆದು ಚುಕ್ಕೆ ಇಲ್ಲವೆಂದು ಖಚಿತ ಮಾಡಿಕೊಂಡ, ಬೆರಳಚ್ಚು ಪರೀಕ್ಷಿಸಿದ. "ಪ್ಯಾನೆಲ್ ಚೆನ್ನಾಗಿದೆ ಮೇಡಂ, ಗಾಜಷ್ಟೇ. ಐದು ಸಾವಿರ ಕೊಡುತ್ತೇನೆ" ಎಂದ.

ಬಿರುಕು ಇಲ್ಲದಿದ್ದಾಗ ಆನ್‌ಲೈನ್ ಮೊದಲು, ಶೋರೂಂ ಎರಡನೆಯದು, ಅಂಗಡಿ ಕೊನೆ. ಬಿರುಕು ಇದ್ದಾಗ ಅಂಗಡಿ ಮೊದಲು, ಆನ್‌ಲೈನ್ ಕೊನೆ, ಅದೂ ಸಾವಿರದ ನಾನೂರು ರೂಪಾಯಿ ಅಂತರದಲ್ಲಿ. ನನ್ನ ಅನುಭವದಲ್ಲಿ ಇದು ಅತ್ತಿಗೆಯವರ ಫೋನಿಗಷ್ಟೇ ಆದದ್ದಲ್ಲ. ಕಲೆಯಿಲ್ಲದ ಫೋನಿಗೆ ಕಂಪನಿಗಳು ಬೋನಸ್ ಸೇರಿಸಿ ಕೊಡುವ ಬೆಲೆಯನ್ನು ಸಣ್ಣ ವ್ಯಾಪಾರಿ ಮುಟ್ಟಲಾರ, ಏಕೆಂದರೆ ಬೋನಸ್ಸಿನ ಹಣ ಬರುವುದು ಹೊಸ ಫೋನ್ ಮಾರಾಟದ ಕಡೆಯಿಂದ, ಹಳೆಯದರ ಮೌಲ್ಯದಿಂದಲ್ಲ. ಸಣ್ಣ ದೋಷವಿರುವ, ಕೈಕೆಲಸದಿಂದ ಸರಿಹೋಗುವ ಫೋನಿಗೆ ಮಾತ್ರ ಆ ಕೈಕೆಲಸ ಬಲ್ಲವನೇ ಹೆಚ್ಚು ಕೊಡಬಲ್ಲ. ಪೂರ್ತಿ ಕೆಟ್ಟ, ಆನ್ ಆಗದ ಫೋನಿನ ವಿಷಯ ಮತ್ತೆ ಬೇರೆ. ಅದಕ್ಕೆ ಎಲ್ಲರೂ ಅತ್ಯಲ್ಪ ಬೆಲೆ ಹೇಳುತ್ತಾರೆ. ಆಗ ಮೂಲ ಬೆಲೆ ಎಷ್ಟೇ ಕಡಿಮೆ ಇದ್ದರೂ ಬೋನಸ್ ಪೂರ್ತಿ ಕೊಡುವ ಕೊಡುಗೆ ಇದ್ದರೆ ಅದನ್ನೇ ಹಿಡಿಯಿರಿ. ಆನ್ ಆಗದ ಫೋನನ್ನು ಸ್ವೀಕರಿಸುತ್ತಾರೆಯೇ ಎಂಬ ಷರತ್ತನ್ನು ಮಾತ್ರ ಮೊದಲೇ ಓದಿಕೊಳ್ಳಿ.

ನಾಲ್ಕನೆಯ ದಾರಿ ಪರಿಚಯದವರಿಗೆ ನೇರವಾಗಿ ಮಾರುವುದು. ಬೆಲೆ ಅಲ್ಲಿಯೇ ಹೆಚ್ಚು. ಆದರೆ ತಿಂಗಳೊಳಗೆ ಏನಾದರೂ ಕೆಟ್ಟರೆ ಸಂಬಂಧವೂ ಕೆಡುತ್ತದೆ. ಬಿರುಕು ಇರುವ ಫೋನನ್ನು ನಾನಂತೂ ನೆಂಟರಿಗೆ ಕೊಡಿಸುವುದಿಲ್ಲ.

ಬೆಲೆಯಲ್ಲಿ ಕಾಣದ ವ್ಯತ್ಯಾಸಗಳು

ಮೊದಲನೆಯದು ಸಮಯ. ಮನೆ ಬಾಗಿಲಿನ ಎಕ್ಸ್‌ಚೇಂಜ್‌ನಲ್ಲಿ ಹೊಸ ಫೋನ್ ಕೈಗೆ ಬಂದ ಗಳಿಗೆಯಲ್ಲೇ ಹಳೆಯದು ಹೋಗಬೇಕು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ವಾಟ್ಸಾಪ್, ಫೋಟೋ, ಬ್ಯಾಂಕ್ ಆಪ್‌ಗಳನ್ನು ದಾಟಿಸಲು ಅವಕಾಶವೇ ಇರುವುದಿಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಎಲ್ಲದರ ಬ್ಯಾಕಪ್ ಮುಗಿದಿರಬೇಕು. ಅಂಗಡಿಗೆ ಮಾರುವುದಾದರೆ ಹೊಸದನ್ನು ಮೊದಲು ಕೊಂಡು, ವಾರ ಬಿಟ್ಟು ನಿಧಾನವಾಗಿ ಹಳೆಯದನ್ನು ಕೊಡಬಹುದು. ಅತ್ತಿಗೆಯವರಂಥ ಶಿಕ್ಷಕಿಗೆ ಶಾಲೆಯ ಗುಂಪುಗಳು, ಮಕ್ಕಳ ದಾಖಲೆಗಳ ಫೋಟೋಗಳು ಎಲ್ಲವೂ ಅದೇ ಫೋನಿನಲ್ಲಿ ಇದ್ದವು. ಆ ವಾರದ ಬಿಡುವನ್ನು ನಾನು ಹಣದ ಲೆಕ್ಕದಷ್ಟೇ ಮುಖ್ಯವೆಂದು ಎಣಿಸುತ್ತೇನೆ.

ಎರಡನೆಯದು ಊರು. ಮನೆ ಬಾಗಿಲಿನ ಎಕ್ಸ್‌ಚೇಂಜ್ ಎಲ್ಲ ಪಿನ್‌ಕೋಡ್‌ಗಳಿಗೂ ಸಿಗುವುದಿಲ್ಲ. ತುಮಕೂರು ನಗರದಲ್ಲಿ ಸಿಗುವ ಕೊಡುಗೆ ಪಾವಗಡ ಅಥವಾ ಮಧುಗಿರಿ ಕಡೆಯ ಹಳ್ಳಿಯ ವಿಳಾಸ ಹಾಕಿದ ಕೂಡಲೇ ಮಾಯವಾಗಬಹುದು. ಹಾಗಾದರೆ ನಗರದಲ್ಲಿರುವ ನೆಂಟರ ವಿಳಾಸಕ್ಕೆ ತರಿಸಿ. ಆದರೆ ಹಳೆಯ ಫೋನಿನೊಂದಿಗೆ ಆ ದಿನ ನೀವೇ ಅಲ್ಲಿರಬೇಕು, ಬೇರೆಯವರ ಕೈಯಲ್ಲಿ ಕೊಟ್ಟು ಕಳುಹಿಸಿದರೆ ಗ್ರೇಡಿನ ಮಾತು ಬಂದಾಗ ನಿಮ್ಮ ಪರವಾಗಿ ವಾದಿಸುವವರು ಇರುವುದಿಲ್ಲ.

ಮೂರನೆಯದು ಫೋನ್ ತಿರಸ್ಕೃತವಾಗುವ ಸಾಧ್ಯತೆ. ಇಲ್ಲಿ ಗಾಜಿಗೆ ಸಂಬಂಧವಿಲ್ಲದ ಕೆಲವು ಕಾರಣಗಳಿವೆ. `*#06#` ಒತ್ತಿದರೆ ಕಾಣುವ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ, ಆರ್ಡರ್ ಮಾಡುವಾಗ ನೀವು ಹಾಕಿದ ಸಂಖ್ಯೆ, ಬಾಕ್ಸಿನ ಮೇಲಿನ ಸಂಖ್ಯೆ ಒಂದೇ ಆಗಿರಬೇಕು. ಎಂದಾದರೂ ಮದರ್‌ಬೋರ್ಡ್ ಬದಲಾಯಿಸಿದ್ದರೆ ಅದು ಹೊಂದದೆ ಹೋಗಬಹುದು. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಫೋನ್ ಕಳೆದಿದೆ ಎಂದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ತಡೆ ಹಾಕಿಸಿ, ಆಮೇಲೆ ಅದು ಮನೆಯಲ್ಲೇ ಸಿಕ್ಕಾಗ ತಡೆ ತೆಗೆಸದೆ ಬಿಟ್ಟಿರುತ್ತಾರೆ. ಅಂಥ ಫೋನನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳಲೂಬಾರದು. `KYM` ಎಂದು ಬರೆದು ಜಾಗ ಬಿಟ್ಟು ಹದಿನೈದು ಅಂಕಿಯ ಐಎಂಇಐ ಹಾಕಿ `14422`ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ಬ್ಯಾಟರಿ ಉಬ್ಬಿದ ಫೋನ್ ಕೂಡ ತಿರಸ್ಕೃತವಾಗುತ್ತದೆ. ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟಾಗ, ಕ್ಯಾಮೆರಾದ ಉಬ್ಬಿನಿಂದಲ್ಲದೆ ಫೋನ್ ತೂಗಿದರೆ, ಅಥವಾ ಹಿಂಬದಿಯ ಅಂಚು ಬಿಟ್ಟುಕೊಂಡಿದ್ದರೆ, ಬ್ಯಾಟರಿ ಉಬ್ಬಿರುವ ಸಾಧ್ಯತೆ ಇದೆ. ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ, ರಿಪೇರಿಯವರ ಬಳಿ ಒಯ್ಯಿರಿ.

ಚಾರ್ಜಿಂಗ್ ವಿಷಯದಲ್ಲಿ ಮಾತ್ರ ಖರ್ಚಿಲ್ಲದೆ ಗ್ರೇಡ್ ಉಳಿಸಿಕೊಳ್ಳಬಹುದು. ಕೇಬಲ್ ಸಡಿಲವಾಗಿದೆ, ಹಿಡಿದುಕೊಂಡರೆ ಮಾತ್ರ ಚಾರ್ಜ್ ಆಗುತ್ತದೆ ಎಂದರೆ ಹೆಚ್ಚಿನ ಸಲ ಪೋರ್ಟ್ ಕೆಟ್ಟಿರುವುದಿಲ್ಲ, ಜೇಬಿನ ನೂಲಿನ ಧೂಳು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದರೆ ಉಂಡೆಯಾಗಿ ಹೊರಬರುತ್ತದೆ. ಪಿನ್ನು, ಸೂಜಿ ಬೇಡ, ಒಳಗಿನ ಕಂಬಿ ಬಾಗುತ್ತದೆ. ಪೋರ್ಟ್ ಕೆಟ್ಟಿದೆ ಎಂಬ ಉತ್ತರಕ್ಕೆ ಕಳೆಯುವ ಹಣ ಹೀಗೆ ಉಳಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೊಡುವ ದಿನ

ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ಮೊದಲು ತೆಗೆದು, ಪರದೆಯ ಲಾಕ್ ತೆಗೆದು, ಆಮೇಲೆ ರೀಸೆಟ್ ಮಾಡಿ. ಕ್ರಮ ತಪ್ಪಿ ಫೋನಿನ ಬಟನ್‌ಗಳನ್ನು ಒತ್ತಿ ನೇರವಾಗಿ ರೀಸೆಟ್ ಮಾಡಿದರೆ ಅದು ಮತ್ತೆ ನಿಮ್ಮ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಪರೀಕ್ಷೆ ಮುಂದೆ ಹೋಗುವುದಿಲ್ಲ. ಐಫೋನ್ ಆದರೆ ಕಳೆದ ಫೋನ್ ಹುಡುಕುವ ಸೌಲಭ್ಯವನ್ನು ಮೊದಲು ಆಫ್ ಮಾಡಬೇಕು. ಸಿಮ್ ತೆಗೆದಾಗ ಅದರ ಟ್ರೇಯನ್ನು ಮರಳಿ ಹಾಕುವುದನ್ನು ಮರೆಯಬೇಡಿ.

ಅಂಗಡಿಗೆ ಮಾರುವಾಗ ನಿಮ್ಮ ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಕದ್ದ ಮಾಲು ಕೊಳ್ಳುತ್ತಿಲ್ಲ ಎಂಬುದಕ್ಕೆ ಅದು ಅವರಿಗೆ ಆಧಾರ, ಕೇಳುವುದೇ ಸರಿ. ಕೇಳದ ಅಂಗಡಿಗೆ ಕೊಡಬೇಡಿ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು ಕೊಟ್ಟು, ಅದರ ಮೇಲೆ "ಫೋನ್ ಮಾರಾಟಕ್ಕಾಗಿ ಮಾತ್ರ" ಎಂದೂ ದಿನಾಂಕವನ್ನೂ ಅಡ್ಡಲಾಗಿ ಬರೆಯಿರಿ. ಬದಲಿಗೆ ಅಂಗಡಿಯ ಮೊಹರಿರುವ ರಸೀದಿ ಪಡೆಯಿರಿ. ಅದರಲ್ಲಿ ಮಾಡೆಲ್, ಐಎಂಇಐ, ಮೊತ್ತ, ದಿನಾಂಕ, ಸಮಯ ಇರಬೇಕು. ಆ ಗಳಿಗೆಯ ನಂತರ ಆ ಫೋನಿನಿಂದ ಯಾರು ಏನು ಮಾಡಿದರೂ ಅದು ನಿಮ್ಮ ಕೈಯಲ್ಲಿರಲಿಲ್ಲ ಎಂದು ತೋರಿಸಲು ನಿಮ್ಮ ಬಳಿ ಉಳಿಯುವ ಕಾಗದ ಅದೊಂದೇ.

ಅತ್ತಿಗೆ ಹೊಸ ಫೋನನ್ನು ಎಂ.ಜಿ. ರಸ್ತೆಯಲ್ಲಿ ಪೂರ್ತಿ ಹಣ ಕೊಟ್ಟು 21,500ಕ್ಕೆ ಕೊಂಡರು. ಎಂಟು ದಿನ ಎರಡೂ ಫೋನ್‌ಗಳನ್ನು ಇಟ್ಟುಕೊಂಡು ಎಲ್ಲವನ್ನೂ ದಾಟಿಸಿ, ಹಬ್ಬ ಮುಗಿದ ಮೇಲೆ ಹಳೆಯದನ್ನು 5,000ಕ್ಕೆ ಕೊಟ್ಟರು. ಮುಂದಿನ ವಾರ ನಾನು ಆ ಅಂಗಡಿಗೆ ಹೋದಾಗ ಅದೇ ಫೋನ್ ಹೊಸ ಗಾಜು ಹಾಕಿಸಿಕೊಂಡು, ಗಾಜಿನ ಪೆಟ್ಟಿಗೆಯಲ್ಲಿ 8,500ರ ಚೀಟಿಯೊಂದಿಗೆ ಕೂತಿತ್ತು. ಗಾಜಿಗೆ ಎಷ್ಟಾಯಿತು ಎಂದು ಕೇಳಿದೆ. "ಸಾವಿರದ ಇನ್ನೂರು ಅಣ್ಣ, ಒಂದು ತಿಂಗಳ ಗ್ಯಾರಂಟಿ ಬೇರೆ ಕೊಡಬೇಕು" ಎಂದ.